ಬೆಲ್ಲದ ತುಂಡು, ರಾಗಿ ಕಾಳು: ಒಬ್ಬ ಅಜ್ಜಿಯ ಲೆಕ್ಕ

(ಬೆಂಗಳೂರಿನ ಬಡಾವಣೆಯೊಂದರ ಗ್ರಂಥಾಲಯದಲ್ಲಿ ಮಕ್ಕಳು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮುಂದೆ ಚಾಪೆ ಮೇಲೆ ಕೂತಿರುವ ಮಕ್ಕಳಿಗೆ ಮೊದಲು, ಹಿಂದೆ ಕುರ್ಚಿಯಲ್ಲಿರುವ ದೊಡ್ಡವರಿಗೆ ಆಮೇಲೆ.

ಬೆಲ್ಲದ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಮ್ಮ ಊರಿನಲ್ಲಿ ಈಗ ಬೆಲ್ಲದ ಕಾಫಿ, ಬೆಲ್ಲದ ಬಿಸ್ಕತ್ತು, ಬೆಲ್ಲದ ಕೇಕು ಎಲ್ಲ ಸಿಗುತ್ತದೆ. 'ಸಕ್ಕರೆ ಹಾಕಿಲ್ಲ, ಬೆಲ್ಲ ಮಾತ್ರ' ಅಂತ ಅಂಗಡಿ ಮುಂದೆ ಬರೆದಿರುತ್ತಾರೆ. ಮನೆಯಲ್ಲೂ ಅಷ್ಟೇ. 'ಚಾಕಲೇಟ್ ಬೇಡ, ಬೆಲ್ಲ ತಿನ್ನು, ಅದರಲ್ಲಿ ಕಬ್ಬಿಣ ಇದೆ' ಅಂತ ಮಕ್ಕಳಿಗೆ ನಾವೇ ಹೇಳುತ್ತೇವೆ. ಆ ಮಾತು ಸುಳ್ಳಲ್ಲ. ಬೆಲ್ಲದಲ್ಲಿ ಕಬ್ಬಿಣ ಇದೆ, ಕ್ಯಾಲ್ಸಿಯಂ ಇದೆ, ಪೊಟ್ಯಾಸಿಯಂ ಇದೆ. ಆದರೆ ಎಷ್ಟಿದೆ ಅಂತ ಯಾರೂ ಕೇಳುವುದಿಲ್ಲ. ಅದನ್ನು ಕೇಳಿದ ಒಬ್ಬ ಅಜ್ಜಿಯ ಕಥೆ ಬರೆದುಕೊಂಡು ಬಂದಿದ್ದೇನೆ. ನಡುವೆ ಅಲ್ಲಲ್ಲಿ ನಿಲ್ಲಿಸಿ ದೊಡ್ಡವರ ಜೊತೆ ಒಂದೆರಡು ಮಾತಾಡುತ್ತೇನೆ. ಮಕ್ಕಳು ಬೇಜಾರು ಮಾಡಿಕೊಳ್ಳಬಾರದು.

ಕಥೆ ಶುರು ಮಾಡಲಾ?

ಹನುಮಂತನಗರದ ಒಂದು ಸಣ್ಣ ರಸ್ತೆಯಲ್ಲಿ ಸಿರಿ ಅನ್ನುವ ಹುಡುಗಿ ಇದ್ದಳು. ಅವಳಿಗೆ 8 ವರ್ಷ. ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಮನೆಯಲ್ಲಿ ಅಪ್ಪ, ಅಮ್ಮ, ಚಿಕ್ಕಮ್ಮ, ಅಜ್ಜಿ. ಅಜ್ಜಿ ಮಂಡ್ಯ ಕಡೆಯವರು. ಕಬ್ಬಿನ ಗದ್ದೆ, ಆಲೆಮನೆ ನೋಡಿಕೊಂಡೇ ಬೆಳೆದವರು. ಚಿಕ್ಕಮ್ಮ ಆಶಾ ಕಾರ್ಯಕರ್ತೆ.

ಒಂದು ಶನಿವಾರ ಮಧ್ಯಾಹ್ನ ಅಜ್ಜಿ ಸಿರಿಯ ಪೆನ್ಸಿಲ್ ಡಬ್ಬಿ ತೆಗೆದರು. ಹಿಸಾಬು ಬರೆಯೋಕೆ ಪೆನ್ಸಿಲ್ ಬೇಕಿತ್ತು. ರಬ್ಬರಿನ ಕೆಳಗೆ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಒಳಗೆ ಒಂದು ಗುಲಾಬಿ ಬಣ್ಣದ ಮಾತ್ರೆ.

"ಸಿರೀ, ಏನೇ ಇದು?"

ಸಿರಿ ಓಡಿ ಬಂದಳು. ಮುಖ ಸಪ್ಪಗಾಯಿತು. "ಅದು ಸ್ಕೂಲಲ್ಲಿ ವಾರಕ್ಕೊಂದು ಸಲ ಕೊಡ್ತಾರೆ ಅಜ್ಜಿ. ಕಬ್ಬಿಣದ ಮಾತ್ರೆ. ಹೋದ ಸಲ ತಿಂದಾಗ ಹೊಟ್ಟೆ ತೊಳಸಿತು. ಅದಕ್ಕೆ ಈ ಸಲ ತಿನ್ನಲಿಲ್ಲ."

"ಮತ್ತೆ ಮಿಸ್ಸಿಗೆ ಹೇಳಿದ್ಯಾ?"

"ಇಲ್ಲ. ಆದ್ರೆ ಅದರ ಬದಲು ನಾನು ಬೆಲ್ಲ ತಿಂದಿದ್ದೀನಿ! ಬೆಲ್ಲದಲ್ಲಿ ಕಬ್ಬಿಣ ಇದೆ ಅಂತ ಅಮ್ಮನೇ ಹೇಳಿದ್ದಾಳೆ. ಮಾತ್ರೆ ಕಹಿ, ಬೆಲ್ಲ ಸಿಹಿ. ಎರಡರಲ್ಲೂ ಕಬ್ಬಿಣ. ಹಾಗಾದ್ರೆ ಬೆಲ್ಲ ತಿಂದರೆ ಸಾಕಲ್ವಾ?"

ಅಜ್ಜಿ ಬೈಯಲಿಲ್ಲ. ಸಿರಿ ಹೇಳಿದ್ದರಲ್ಲಿ ಒಂದು ಲೆಕ್ಕ ಇತ್ತು. ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕು.

"ಎಷ್ಟು ಬೆಲ್ಲ ತಿಂದೆ?"

ಸಿರಿ ಹೆಬ್ಬೆರಳು ತೋರಿಸಿದಳು. ತುದಿಯಿಂದ ಮೊದಲ ಗೆಣ್ಣಿನವರೆಗೆ. "ಇಷ್ಟು."

ಅಜ್ಜಿ ಬೆಲ್ಲದ ಡಬ್ಬ ತೆಗೆದು ಅಷ್ಟೇ ದೊಡ್ಡ ತುಂಡು ಒಡೆದು ಅಡುಗೆಮನೆ ತಕ್ಕಡಿ ಮೇಲೆ ಇಟ್ಟರು. 10 ಗ್ರಾಂ ತೋರಿಸಿತು.

"ಸರಿ. ಈ 10 ಗ್ರಾಂ ಒಳಗೆ ಏನೇನಿದೆ ಅಂತ ನೋಡೋಣ. ಅದಕ್ಕೆ ಮೊದಲು ಇದು ಎಲ್ಲಿಂದ ಬಂತು ಅಂತ ಗೊತ್ತಾಗಬೇಕು. ಬಾ, ಕೂತ್ಕೋ."

ಅಜ್ಜಿ ಆಲೆಮನೆಯ ಬಗ್ಗೆ ಹೇಳೋಕೆ ಶುರು ಮಾಡಿದರು.

"ಕಬ್ಬು ನೀರು ಕುಡಿಯೋದು ಬೇರಿನಿಂದ. ಮಣ್ಣಿನಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇರುತ್ತೆ. ನೀರಿನಲ್ಲಿ ಕರಗಿದ್ದಷ್ಟು ನೀರಿನ ಜೊತೆ ಗಿಡದೊಳಗೆ ಬರುತ್ತೆ. ಸಕ್ಕರೆ ಮಾತ್ರ ಮಣ್ಣಿನಿಂದ ಬರೋದಲ್ಲ. ಅದನ್ನು ಕಬ್ಬಿನ ಎಲೆ ಬಿಸಿಲಿನಲ್ಲಿ ತಯಾರಿಸಿ ಜಲ್ಲೆಯೊಳಗೆ ತುಂಬಿಡುತ್ತೆ. ಕಬ್ಬನ್ನು ಗಾಣಕ್ಕೆ ಕೊಟ್ಟು ಹಿಂಡಿದಾಗ ಎರಡೂ ಒಟ್ಟಿಗೇ ಹಾಲಿನಲ್ಲಿ ಬರುತ್ತವೆ."

"ಹಾಲಾ?"

"ಕಬ್ಬಿನ ರಸಕ್ಕೆ ನಾವು ಕಬ್ಬಿನ ಹಾಲು ಅಂತೀವಲ್ಲ, ಅದು. ಆ ಹಾಲನ್ನು ದೊಡ್ಡ ಕೊಪ್ಪರಿಗೆಗೆ ಸುರಿದು ಕೆಳಗೆ ಬೆಂಕಿ ಹಾಕ್ತಾರೆ. ಸೌದೆ ಬೇಡ, ಹಿಂಡಿದ ಕಬ್ಬಿನ ಸಿಪ್ಪೆ ಒಣಗಿಸಿ ಅದನ್ನೇ ಉರಿಸ್ತಾರೆ. ಹಾಲು ಕಾದ ಹಾಗೆ ಮೇಲೆ ಕೊಳೆ ತೇಲುತ್ತೆ. ಸ್ವಲ್ಪ ಸುಣ್ಣದ ತಿಳಿ ಹಾಕಿದರೆ ಕೊಳೆ ಚೆನ್ನಾಗಿ ಬಿಡುತ್ತೆ. ಬೆಂಡೆ ಗಿಡದ ಲೋಳೆಯನ್ನೂ ಅದಕ್ಕೇ ಹಾಕೋದು. ತೇಲಿದ್ದನ್ನೆಲ್ಲ ಜಾಲರಿಯಲ್ಲಿ ಎತ್ತಿ ಎಸೀತಾರೆ. ಆಮೇಲೆ ಸುಮ್ನೆ ಕುದಿಸೋದು, ಕುದಿಸೋದು. ಏನು ಹೋಗುತ್ತೆ ಹೇಳು?"

"ನೀರು!"

"ಹೂಂ, ನೀರು ಆವಿಯಾಗಿ ಹೋಗುತ್ತೆ. ಆರೇಳು ಲೀಟರ್ ಹಾಲು ಕುದಿಸಿದರೆ ಒಂದು ಕೆಜಿ ಬೆಲ್ಲ. ನೀರಷ್ಟೇ ಹೋಯ್ತು. ಸಕ್ಕರೆ ಅಲ್ಲೇ ಉಳೀತು. ಮಣ್ಣಿನಿಂದ ಬಂದ ಲವಣಾನೂ ಅಲ್ಲೇ ಉಳೀತು. ಕೊಪ್ಪರಿಗೆ ಕಬ್ಬಿಣದ್ದಾದರೆ ಅದರದ್ದೂ ಒಂಚೂರು ಸೇರಿಕೊಳ್ಳುತ್ತೆ. ಪಾಕ ಬಂತಾ ಅಂತ ನೋಡೋಕೆ ಒಂದು ಹನಿ ತಣ್ಣೀರಿಗೆ ಬಿಡ್ತಾರೆ. ಅದು ಕರಗದೆ ಉಂಡೆ ಕಟ್ಟಿದರೆ ಸರಿ. ತೆಗೆದು ಆರಿಸಿ ಅಚ್ಚಿಗೆ ಹೊಯ್ದರೆ ಅಚ್ಚುಬೆಲ್ಲ."

ಇಲ್ಲಿ ಕಥೆ ನಿಲ್ಲಿಸುತ್ತೇನೆ. ಇದು ದೊಡ್ಡವರಿಗೆ.

ನೀರಿನ ಬಗ್ಗೆ ಅಜ್ಜಿ ಹೇಳಿದ ಮಾತೇ ಇಡೀ ವಿಷಯಕ್ಕೆ ಮುಖ್ಯ. ಬೆಲ್ಲ ಮಾಡುವಾಗ ಕೊಳೆ ಬಿಟ್ಟರೆ ನೀರು ಮಾತ್ರ ಹೊರಗೆ ಹೋಗುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಇದೇ ಹಾಲಿನಿಂದ ಶುರು ಮಾಡುತ್ತಾರೆ, ಆದರೆ ಕೊನೆಯ ಹೆಜ್ಜೆ ಬೇರೆ. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗಿನಿಂದ ಒಂದೇ ಊರಿನ ಕಬ್ಬು ಒಂದು ಕಡೆ ಆಲೆಮನೆಗೂ ಇನ್ನೊಂದು ಕಡೆ ಕಾರ್ಖಾನೆಗೂ ಹೋಗುತ್ತಿತ್ತು. ಕಾರ್ಖಾನೆಯಲ್ಲಿ ಗಟ್ಟಿಯಾದ ಪಾಕದಲ್ಲಿ ಹರಳು ಬೆಳೆಸುತ್ತಾರೆ. ಹರಳು ಬೆಳೆಯುವಾಗ ಸಕ್ಕರೆಯ ಕಣಗಳು ತಮ್ಮಂಥದ್ದೇ ಕಣಗಳ ಪಕ್ಕದಲ್ಲಿ ಸಾಲಾಗಿ ಕೂರುತ್ತವೆ. ಪೊಟ್ಯಾಸಿಯಂ, ಕಬ್ಬಿಣ ಆ ಸಾಲಿನಲ್ಲಿ ಕೂರಲು ಹೊಂದುವುದಿಲ್ಲ. ಹಾಗಾಗಿ ಅವು ಹರಳಿನ ಹೊರಗೆ, ಕಪ್ಪು ಅಂಟಿನಲ್ಲಿ ಉಳಿಯುತ್ತವೆ. ಆಮೇಲೆ ಎಲ್ಲವನ್ನೂ ತೂತಿರುವ ದೊಡ್ಡ ಬುಟ್ಟಿಗೆ ಹಾಕಿ ಗರಗರ ತಿರುಗಿಸುತ್ತಾರೆ. ಅಂಟು ಹೊರಗೆ ಚಿಮ್ಮುತ್ತದೆ, ಹರಳು ಒಳಗೆ ಉಳಿಯುತ್ತದೆ. ಹೊರಗೆ ಬಂದದ್ದು ಕಾಕಂಬಿ. ಒಳಗೆ ಉಳಿದದ್ದನ್ನು ತೊಳೆದು ಒಣಗಿಸಿದರೆ ಬಿಳಿ ಸಕ್ಕರೆ.

ಬೆಲ್ಲದಲ್ಲಿ ಈ ತಿರುಗಿಸುವ ಕೆಲಸ ಇಲ್ಲ. ಅಲ್ಲೂ ಸಣ್ಣ ಸಣ್ಣ ಹರಳುಗಳೇ ಇರುವುದು. ಬೆಲ್ಲ ಮುರಿದ ಜಾಗವನ್ನು ಬಿಸಿಲಿಗೆ ಹಿಡಿದು ನೋಡಿ, ಮಿಣುಕುತ್ತವೆ. ಹರಳಿನ ನಡುವೆ ಕಾಕಂಬಿ ಹಾಗೇ ಇರುತ್ತದೆ. ಬಣ್ಣ, ಘಮ, ಲವಣ ಎಲ್ಲ ಆ ಕಾಕಂಬಿಯದ್ದು. ಬಿಳಿ ಸಕ್ಕರೆಯಲ್ಲಿ ನೂರಕ್ಕೆ 99ಕ್ಕೂ ಜಾಸ್ತಿ ಪಾಲು ಬರೀ ಸಕ್ಕರೆ. ಬೆಲ್ಲ ಅಂದರೆ ಕಾಕಂಬಿ ತೆಗೆಯದ ಸಕ್ಕರೆ. ಈ ಒಂದು ಮಾತಿನಲ್ಲಿ ಎರಡೂ ಸತ್ಯ ಇದೆ. ಲವಣ ಇದೆ ಅನ್ನುವುದೂ ಸತ್ಯ, ಸಕ್ಕರೆಯೇ ಅನ್ನುವುದೂ ಸತ್ಯ. ಮಕ್ಕಳಿಗೆ ಯಾವುದೋ ಒಂದನ್ನು ಮಾತ್ರ ಹೇಳಿದರೆ ಸಿರಿಗೆ ಆದ ಹಾಗೇ ಆಗುತ್ತದೆ. ಅರ್ಧ ಸತ್ಯ ಹಿಡಿದುಕೊಂಡು ಮಗು ಬಹಳ ಚೆನ್ನಾಗಿ ತರ್ಕ ಮಾಡುತ್ತದೆ, ಮಾತ್ರೆ ಪೆನ್ಸಿಲ್ ಡಬ್ಬಿಯಲ್ಲಿ ಉಳಿಯುತ್ತದೆ.

ಈಗ ಕಥೆಗೆ ವಾಪಸ್ ಹೋಗೋಣ.

ಅಷ್ಟು ಹೊತ್ತಿಗೆ ಚಿಕ್ಕಮ್ಮ ಕೆಲಸ ಮುಗಿಸಿ ಬಂದರು. ಅಜ್ಜಿ ಮಾತ್ರೆ ತೋರಿಸಿದರು. "ಇದರಲ್ಲಿ ಕಬ್ಬಿಣ ಎಷ್ಟಿದೆ ನೋಡಿ ಹೇಳಮ್ಮ."

"ನೋಡೋದೇನು ಅತ್ತೆ, ನಮಗೆ ಬಾಯಿಪಾಠ. 5ರಿಂದ 9 ವರ್ಷದ ಮಕ್ಕಳ ಗುಲಾಬಿ ಮಾತ್ರೆ ಇದು. ವಾರಕ್ಕೊಂದು. 45 ಮಿಲಿಗ್ರಾಂ ಕಬ್ಬಿಣ."

"ಬೆಲ್ಲದಲ್ಲಿ?"

ಚಿಕ್ಕಮ್ಮ ಫೋನ್ ತೆಗೆದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರದ ಪಟ್ಟಿ ಅದರಲ್ಲಿತ್ತು. "100 ಗ್ರಾಂ ಬೆಲ್ಲದಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣ. ಸಿಹಿ ಅಂಶ ಸುಮಾರು 85 ಗ್ರಾಂ."

"ಹಾಗಾದ್ರೆ ನಮ್ಮ ಸಿರಿಯ 10 ಗ್ರಾಂ ತುಂಡಿನಲ್ಲಿ?"

"ಹತ್ತರಲ್ಲಿ ಒಂದು ಪಾಲು. ಅರ್ಧ ಮಿಲಿಗ್ರಾಂಗಿಂತ ಒಂಚೂರು ಕಮ್ಮಿ ಕಬ್ಬಿಣ. ಎಂಟೂವರೆ ಗ್ರಾಂ ಸಕ್ಕರೆ."

ಸಿರಿ ಕಣ್ಣು ಪಿಳಿಪಿಳಿ ಬಿಟ್ಟಳು. "ಮಿಲಿಗ್ರಾಂ ಅಂದ್ರೆ ಎಷ್ಟು ದೊಡ್ಡದು? ಕಾಣುತ್ತಾ?"

ಅಜ್ಜಿಗೆ ಈ ಪ್ರಶ್ನೆ ಬಹಳ ಇಷ್ಟವಾಯಿತು. ರಾಗಿ ಡಬ್ಬ ತೆಗೆದರು. ಒಗ್ಗರಣೆ ಡಬ್ಬಿಯಿಂದ ಎಲ್ಲಕ್ಕಿಂತ ಚಿಕ್ಕ ಚಮಚ ತೆಗೆದು ತೊಳೆದು ಒರೆಸಿದರು. ತಕ್ಕಡಿ ಮೇಲೆ ಬಟ್ಟಲು ಇಟ್ಟು ಸೊನ್ನೆ ಮಾಡಿದರು.

"ಚಮಚಕ್ಕೆ ರಾಗಿ ತುಂಬು, ಬೆರಳಲ್ಲಿ ಸವರಿ ಮಟ್ಟ ಮಾಡು, ಬಟ್ಟಲಿಗೆ ಹಾಕು. 20 ಸಲ."

ಸಿರಿ ನಾಲಿಗೆ ಹೊರಗೆ ಹಾಕಿಕೊಂಡು 20 ಚಮಚ ಹಾಕಿದಳು. ತಕ್ಕಡಿ 20 ಗ್ರಾಂ ತೋರಿಸಿತು.

"ಹಾಗಾದ್ರೆ ಒಂದು ಚಮಚ?"

"ಒಂದು ಗ್ರಾಂ!"

"ಈಗ ಒಂದು ಚಮಚ ರಾಗಿಯನ್ನು ತಟ್ಟೆಗೆ ಹಾಕಿ ಎಣಿಸು."

ಅಯ್ಯೋ, ಅದೆಷ್ಟು ಹೊತ್ತಾಯಿತು! ಹತ್ತತ್ತು ಕಾಳಿನ ಗುಂಪು ಮಾಡಿದಳು. ಫ್ಯಾನ್ ಆರಿಸಬೇಕಾಯಿತು. ಒಂದು ಸಲ ಸೀನು ಬಂದು ಮೂರು ಗುಂಪು ಚೆಲ್ಲಾಪಿಲ್ಲಿ ಆದವು. ಕೊನೆಗೆ 39 ಗುಂಪು, ಮೇಲೆ 7 ಕಾಳು. 397.

"ನಾನೂರು ಅಂತ ಇಟ್ಕೋ," ಅಂದರು ಅಜ್ಜಿ. "ಒಂದು ಗ್ರಾಂಗೆ ಸಾವಿರ ಮಿಲಿಗ್ರಾಂ. ಸಾವಿರವನ್ನು ನಾನೂರು ಕಾಳಿಗೆ ಹಂಚಿದರೆ?"

ಚಿಕ್ಕಮ್ಮ ಸಹಾಯ ಮಾಡಿದರು. ಒಂದು ರಾಗಿ ಕಾಳು ಎರಡೂವರೆ ಮಿಲಿಗ್ರಾಂ ತೂಕ.

"ಈಗ ನಿನಗೆ ಕಣ್ಣಿಗೆ ಕಾಣೋ ಅಳತೆ ಸಿಕ್ಕಿತು. ಮಾತ್ರೆಯಲ್ಲಿ 45 ಮಿಲಿಗ್ರಾಂ ಕಬ್ಬಿಣ. ಎಷ್ಟು ಕಾಳಿನ ತೂಕ ಆಯ್ತು?"

18 ಕಾಳು. ಸಿರಿ 18 ಕಾಳು ಎಣಿಸಿ ಎಡಗೈ ಮೇಲೆ ಇಟ್ಟುಕೊಂಡಳು.

"ಈಗ ಬೆಲ್ಲದ ತುಂಡು. ಅದರಲ್ಲಿರೋ ಕಬ್ಬಿಣವನ್ನೆಲ್ಲ ಒಟ್ಟು ಮಾಡಿದರೆ ಒಂದು ಕಾಳಿನ ತೂಕಾನೂ ಬರಲ್ಲ. ಒಂದು ರಾಗಿ ಕಾಳನ್ನು ಐದು ಚೂರು ಮಾಡು. ಅದರಲ್ಲಿ ಒಂದು ಚೂರು. ಅಷ್ಟು."

ಸಿರಿ ಒಂದು ಕಾಳನ್ನು ಬಲಗೈ ಮೇಲೆ ಇಟ್ಟುಕೊಂಡು ಕಣ್ಣಿನ ಹತ್ತಿರ ತಂದಳು. "ಇದನ್ನು ಐದು ಚೂರು ಮಾಡೋಕೆ ಹೇಗಜ್ಜಿ ಆಗುತ್ತೆ?"

"ಆಗಲ್ಲ. ಮಾಡಿದ ಹಾಗೆ ನೆನಸಿಕೋ. ಈಗ ಸಕ್ಕರೆ ನೋಡೋಣ. ಅದೇ ತುಂಡಿನಲ್ಲಿ ಎಂಟೂವರೆ ಗ್ರಾಂ. ಎಂಟೂವರೆ ಚಮಚ ರಾಗಿ ತಟ್ಟೆಗೆ ಹಾಕು."

ಒಂದು, ಎರಡು, ಮೂರು... ತಟ್ಟೆಯಲ್ಲಿ ರಾಗಿಯ ಪುಟ್ಟ ಗುಡ್ಡ ಎದ್ದಿತು. ಮೂರು ಸಾವಿರಕ್ಕೂ ಜಾಸ್ತಿ ಕಾಳು. ಪಕ್ಕದಲ್ಲಿ ಅಜ್ಜಿ ಒಂದೇ ಒಂದು ಕಾಳು ಇಟ್ಟರು.

"ಈ ಗುಡ್ಡ ಸಕ್ಕರೆ. ಈ ಒಂದು ಕಾಳಿನ ಐದರಲ್ಲಿ ಒಂದು ಚೂರು ಕಬ್ಬಿಣ. ಮಿಕ್ಕಿದ್ದರಲ್ಲಿ ಸುಮಾರು ಒಂದು ಚಮಚ ನೀರು. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಇನ್ನೂ ಏನೇನೋ ಅಷ್ಟಿಷ್ಟು. ಎಲ್ಲ ಸೇರಿ ನಿನ್ನ ತುಂಡು."

ಸಿರಿ ಗುಡ್ಡ ನೋಡಿದಳು, ಕಾಳು ನೋಡಿದಳು. "ಮಾತ್ರೆಯಷ್ಟು ಕಬ್ಬಿಣ ಬೇಕು ಅಂದ್ರೆ ಎಷ್ಟು ತುಂಡು ತಿನ್ನಬೇಕು?"

"ನೀನೇ ಹೇಳು. ಒಂದು ಕಾಳಿಗೆ ಐದು ತುಂಡು. ಹದಿನೆಂಟು ಕಾಳಿಗೆ?"

"ತೊಂಬತ್ತು!"

"ಚೂರು ಐದರಲ್ಲೊಂದಕ್ಕಿಂತ ಸ್ವಲ್ಪ ಚಿಕ್ಕದು. ಅದಕ್ಕೆ ಹತ್ತಿರ ಹತ್ತಿರ ನೂರು ತುಂಡು ಆಗುತ್ತೆ. ಒಂದು ಕೆಜಿ ಬೆಲ್ಲ."

ಸಿರಿ ಡಬ್ಬದ ಕಡೆ ತಿರುಗಿದಳು. ಅಪ್ಪ ತಿಂಗಳಿಗೆ ತರುವುದೇ ಒಂದು ಕೆಜಿ.

ಮತ್ತೆ ನಿಲ್ಲಿಸುತ್ತೇನೆ.

ಈ ಲೆಕ್ಕದಲ್ಲಿ ಒಂದು ಸಂದೇಹ ಬರಬಹುದು. ಎಲ್ಲ ಬೆಲ್ಲವೂ ಒಂದೇ ಥರ ಇರುತ್ತಾ? ಇಲ್ಲ. ಮಣ್ಣು, ಕಬ್ಬಿನ ತಳಿ, ಕೊಪ್ಪರಿಗೆ, ಕೊಳೆ ತೆಗೆದ ರೀತಿ, ಇವೆಲ್ಲದರ ಮೇಲೆ ಕಬ್ಬಿಣದ ಅಳತೆ ಮೇಲೆ ಕೆಳಗೆ ಆಗುತ್ತದೆ. ನಿಮ್ಮ ಮನೆಯ ಬೆಲ್ಲದಲ್ಲಿ ಪಟ್ಟಿಯಲ್ಲಿರುವುದಕ್ಕಿಂತ ಎರಡರಷ್ಟು ಇದೆ ಅಂತಲೇ ಇಟ್ಟುಕೊಳ್ಳಿ. ಆಗ ಐದರಲ್ಲಿ ಒಂದು ಚೂರಿನ ಬದಲು ಎರಡು ಚೂರು. ಪಕ್ಕದ ಗುಡ್ಡ ಹಾಗೇ ಇರುತ್ತದೆ. ಲೆಕ್ಕದ ದಿಕ್ಕು ಬದಲಾಗುವುದಿಲ್ಲ.

ಇನ್ನೊಂದು ಮಾತು ಜನ ಹೇಳುತ್ತಾರೆ, ಬೆಲ್ಲದಲ್ಲಿ ಕ್ಯಾಲೊರಿ ಕಮ್ಮಿ ಅಂತ. 10 ಗ್ರಾಂ ಬಿಳಿ ಸಕ್ಕರೆಯಲ್ಲಿ ಸುಮಾರು 40 ಕ್ಯಾಲೊರಿ, 10 ಗ್ರಾಂ ಬೆಲ್ಲದಲ್ಲಿ ಸುಮಾರು 35. ಈ ವ್ಯತ್ಯಾಸ ಬಂದಿರುವುದು ಹೆಚ್ಚಾಗಿ ಬೆಲ್ಲದಲ್ಲಿರುವ ತೇವದಿಂದ. ಕಾಫಿಗೆ ಸಕ್ಕರೆಯಷ್ಟೇ ಸಿಹಿ ಬರಲಿ ಅಂತ ಒಂಚೂರು ಬೆಲ್ಲ ಜಾಸ್ತಿ ಹಾಕುತ್ತೇವೆ. ಅಲ್ಲಿಗೆ ಸರಿಹೋಯಿತು.

ಹೊಟ್ಟೆಯೊಳಗೂ ಅಷ್ಟೇ. ಸಕ್ಕರೆಯನ್ನು ಸಣ್ಣ ಕರುಳು ಎರಡು ಭಾಗ ಮಾಡುತ್ತದೆ. ಒಂದು ಗ್ಲೂಕೋಸ್, ಇನ್ನೊಂದು ಫ್ರುಕ್ಟೋಸ್. ಬೆಲ್ಲದಲ್ಲಿ ಹೆಚ್ಚಿನ ಪಾಲು ಅದೇ ಸಕ್ಕರೆ. ಸ್ವಲ್ಪ ಪಾಲು ಕೊಪ್ಪರಿಗೆಯಲ್ಲಿ ಕುದಿಯುವಾಗಲೇ ಹೀಗೆ ಒಡೆದಿರುತ್ತದೆ. ಮಳೆಗಾಲದಲ್ಲಿ ಬೆಲ್ಲ ನೀರೊಡೆದು ಜಿಗಟಾಗುವುದಕ್ಕೆ ಈ ಒಡೆದ ಸಕ್ಕರೆಯೇ ಕಾರಣ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಕರುಳಿಗೆ ಇದು ಬೆಲ್ಲದಿಂದ ಬಂತಾ, ಸಕ್ಕರೆಯಿಂದ ಬಂತಾ ಅನ್ನುವುದು ಗೊತ್ತಾಗುವುದಿಲ್ಲ. ಹಲ್ಲಿನ ಮೇಲಿರುವ ಬ್ಯಾಕ್ಟೀರಿಯಾಗೂ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಿತಿ ಹೇಳಿತು. ದಿನದ ಒಟ್ಟು ಶಕ್ತಿಯಲ್ಲಿ ನಾವು ಸೇರಿಸಿಕೊಳ್ಳುವ ಸಿಹಿಯ ಪಾಲು ನೂರಕ್ಕೆ ಹತ್ತಕ್ಕಿಂತ ಕಮ್ಮಿ ಇರಬೇಕು, ಐದಕ್ಕಿಂತ ಕಮ್ಮಿ ಆದರೆ ಇನ್ನೂ ಒಳ್ಳೆಯದು. ಸಿರಿಯ ವಯಸ್ಸಿನ ಮಗುವಿಗೆ ದಿನಕ್ಕೆ 1700 ಕ್ಯಾಲೊರಿ ಅಂತ ಹಿಡಿದರೆ ಹತ್ತರ ಮಿತಿ ಸುಮಾರು 42 ಗ್ರಾಂ, ಐದರ ಮಿತಿ ಸುಮಾರು 21 ಗ್ರಾಂ. ಬೆಲ್ಲವೂ ಜೇನುತುಪ್ಪವೂ ಈ ಲೆಕ್ಕದೊಳಗೇ ಬರುತ್ತವೆ.

ಕಥೆಗೆ ಹೋಗೋಣ. ಸಿರಿ ಅಷ್ಟು ಸುಲಭಕ್ಕೆ ಬಿಡುವವಳಲ್ಲ.

"ಚಿಕ್ಕಮ್ಮ, ರಾಗಿಯಲ್ಲಿ ಎಷ್ಟು ಕಬ್ಬಿಣ ಇದೆ? ಅಜ್ಜಿ ದಿನಾ ಮುದ್ದೆ ತಿನ್ನು ತಿನ್ನು ಅಂತಾರಲ್ಲ."

ಚಿಕ್ಕಮ್ಮ ಅದೇ ಪಟ್ಟಿ ನೋಡಿದರು. ಅವರಿಗೇ ಆಶ್ಚರ್ಯ ಆಯಿತು. "100 ಗ್ರಾಂ ರಾಗಿಯಲ್ಲೂ ಸುಮಾರು 4.6 ಮಿಲಿಗ್ರಾಂ!"

ಸಿರಿ ಚಪ್ಪಾಳೆ ತಟ್ಟಿ ಕುಣಿದಳು. "ನೋಡಿದ್ರಾ! ಎರಡೂ ಒಂದೇ! ಮುದ್ದೆ ಬದಲು ಬೆಲ್ಲ ತಿನ್ನಬಹುದು!"

ಅಜ್ಜಿ ತಲೆಯಾಡಿಸಿದರು. "ಪಟ್ಟಿಯಲ್ಲಿ ಒಂದೇ. ತಟ್ಟೆಯಲ್ಲಿ? ನಿನ್ನ ಮುದ್ದೆಗೆ ಎಷ್ಟು ಹಿಟ್ಟು ಹಾಕ್ತೀನಿ, ಬಾ ತೂಗೋಣ."

ಸಿರಿಯ ಪುಟ್ಟ ಮುದ್ದೆಗೆ 60 ಗ್ರಾಂ ಹಿಟ್ಟು.

"60 ಗ್ರಾಂ ರಾಗಿಯಿಂದ ನಿನಗೆ 2.8 ಮಿಲಿಗ್ರಾಂ ಕಬ್ಬಿಣ. ಒಂದು ಕಾಳಿಗಿಂತ ಸ್ವಲ್ಪ ಜಾಸ್ತಿ ತೂಕ. ಇಷ್ಟೇ ಕಬ್ಬಿಣ ಬೆಲ್ಲದಿಂದ ಬೇಕು ಅಂದ್ರೆ 60 ಗ್ರಾಂ ಬೆಲ್ಲ ತಿನ್ನಬೇಕು. ಆರು ತುಂಡು. ಅದರ ಜೊತೆ 51 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಯ್ತು. ಮುದ್ದೆ ತಿಂದಾಗ ಕಬ್ಬಿಣದ ಜೊತೆ ಏನು ಬಂತು? ನಾರು ಬಂತು, ಸ್ವಲ್ಪ ಪ್ರೋಟೀನ್ ಬಂತು, ಕ್ಯಾಲ್ಸಿಯಂ ಬಂತು."

"ಕ್ಯಾಲ್ಸಿಯಂ 200 ಮಿಲಿಗ್ರಾಂಗೂ ಜಾಸ್ತಿ," ಅಂದರು ಚಿಕ್ಕಮ್ಮ. "60 ಗ್ರಾಂ ಬೆಲ್ಲದಲ್ಲಿ 65ರ ಆಸುಪಾಸು."

"ನನಗೆ ದಿನಕ್ಕೆ ಎಷ್ಟು ಕಬ್ಬಿಣ ಬೇಕು?"

"ನಿನ್ನ ವಯಸ್ಸಿಗೆ 15 ಮಿಲಿಗ್ರಾಂ."

ಸಿರಿ ಈಗ ಯಾರನ್ನೂ ಕೇಳಲಿಲ್ಲ. ರಾಗಿ ಕಾಳು ಜೋಡಿಸಿದಳು. 6 ಕಾಳು. ಒಂದು ಮುದ್ದೆಗೆ ಒಂದು ಕಾಳು ಪಕ್ಕಕ್ಕೆ ಸರಿಸಿದಳು. ಐದು ಉಳಿದವು.

"ಇವು ಎಲ್ಲಿಂದ ಬರಬೇಕು?"

"ಸೊಪ್ಪಿನ ಸಾರಿನಿಂದ ಸ್ವಲ್ಪ. ಹುರುಳಿ, ಹೆಸರುಕಾಳಿನಿಂದ ಸ್ವಲ್ಪ. ಎಳ್ಳಿನಿಂದ ಸ್ವಲ್ಪ. ಸಾರಿಗೆ ನಿಂಬೆಹಣ್ಣು ಹಿಂಡಿಕೋ. ಸೊಪ್ಪಿನಲ್ಲಿರೋ ಕಬ್ಬಿಣ ಮೈಗೆ ಸುಲಭವಾಗಿ ಹತ್ತಲ್ಲ, ಹುಳಿ ಇದ್ದರೆ ಹತ್ತುತ್ತೆ. ಊಟದ ಜೊತೆ ಟೀ ಕಾಫಿ ಬೇಡ, ಅದು ಅಡ್ಡ ಬರುತ್ತೆ."

"ಇಷ್ಟಾದ್ರೂ ಕೆಲವು ಮಕ್ಕಳಿಗೆ ಸಾಲಲ್ಲ ಸಿರಿ," ಅಂದರು ಚಿಕ್ಕಮ್ಮ. "ಅದಕ್ಕೇ ಶಾಲೆಯಲ್ಲಿ ಆ ಗುಲಾಬಿ ಮಾತ್ರೆ ಕೊಡೋದು. ನಿನಗೆ ಹೊಟ್ಟೆ ತೊಳಸಿದ್ದು ಯಾವಾಗ? ಊಟಕ್ಕೆ ಮುಂಚೆ ತಿಂದ್ಯಾ?"

ಸಿರಿ ತಲೆ ಕೆರೆದುಕೊಂಡಳು. "ಹೂಂ. ಬಿಸಿಯೂಟಕ್ಕೆ ಸಾಲಿನಲ್ಲಿ ನಿಂತಿದ್ದಾಗ ನುಂಗಿಬಿಟ್ಟೆ."

"ಖಾಲಿ ಹೊಟ್ಟೆಗೆ ನುಂಗಿದರೆ ತೊಳಸುತ್ತೆ. ಊಟ ಆದ ಮೇಲೆ ನೀರು ಕುಡಿದು ನುಂಗಬೇಕು. ಕಕ್ಕಸು ಕಪ್ಪಾಗಬಹುದು, ಅದಕ್ಕೆ ಹೆದರಬೇಡ. ಡಬ್ಬಿಯಲ್ಲಿದ್ದ ಮಾತ್ರೆ ನನಗೆ ಕೊಡು. ಸೋಮವಾರ ಮಿಸ್ಸಿಗೆ ನಿಜ ಹೇಳೋಣ. ಒಂದು ವಾರ ತಪ್ಪಿದೆ ಅಂತ ಎರಡು ಒಟ್ಟಿಗೆ ನುಂಗಬಾರದು."

ಸಿರಿ ಒಪ್ಪಿದಳು. ತಟ್ಟೆಯ ರಾಗಿಯನ್ನೆಲ್ಲ ಡಬ್ಬಕ್ಕೆ ವಾಪಸ್ ಸುರಿದಳು. ಆಮೇಲೆ ಅಜ್ಜಿಯ ಸೆರಗು ಹಿಡಿದು ಕೇಳಿದಳು.

"ಅಜ್ಜಿ, ಬೆಲ್ಲದಿಂದ ಅಷ್ಟೊಂದು ಕಬ್ಬಿಣ ಬರಲ್ಲ ಅಂದ್ರೆ ನೀನು ಪಾಯಸಕ್ಕೆ ಯಾಕೆ ಬೆಲ್ಲ ಹಾಕ್ತೀಯ?"

"ರುಚಿಗೆ ಕಣೇ."

ಕಥೆ ಇಷ್ಟೇ, ಮಕ್ಕಳೇ.

ದೊಡ್ಡವರು ಚೀಟಿಯಲ್ಲಿ ಕೆಲವು ಪ್ರಶ್ನೆ ಕಳಿಸಿದ್ದಾರೆ. ಮನೆಯಲ್ಲಿ ತಾತನಿಗೆ ಸಕ್ಕರೆ ಕಾಯಿಲೆ, ಅವರಿಗೆ ಬೆಲ್ಲದ ಕಾಫಿ ಕೊಡಬಹುದಾ ಅಂತ ಒಬ್ಬರು ಕೇಳಿದ್ದಾರೆ. ಬೆಲ್ಲವನ್ನು ಸಕ್ಕರೆ ಅಂತಲೇ ಎಣಿಸಬೇಕು. ದಿನಕ್ಕೆ ಎರಡು ಲೋಟ ಬೆಲ್ಲದ ಕಾಫಿ ಕುಡಿದು, ಡಾಕ್ಟರ ಹತ್ತಿರ 'ಸಕ್ಕರೆ ಬಿಟ್ಟಿದ್ದೀನಿ' ಅಂದರೆ ಅವರು ಮಾತ್ರೆ ಯಾವ ಲೆಕ್ಕದಲ್ಲಿ ಬರೆಯಬೇಕು? ರಕ್ತದಲ್ಲಿ ಸಕ್ಕರೆ ಯಾಕೆ ಇಳಿಯುತ್ತಿಲ್ಲ ಅಂತ ಮನೆಮಂದಿಯೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ. ಬೆಲ್ಲ ತಿನ್ನುತ್ತಿದ್ದರೆ ಎಷ್ಟು ತಿನ್ನುತ್ತೀರಿ ಅಂತ ಡಾಕ್ಟರಿಗೆ ಹೇಳಿ. ಈ ವಿಷಯದಲ್ಲಿ ನನಗೆ ನಿಜವಾಗಿ ಕಾಳಜಿ ಇದೆ. ಯಾಕಂದರೆ ವಯಸ್ಸಾದವರು ಬೆಲ್ಲವನ್ನು ನಂಬಿ ತಿನ್ನುತ್ತಾರೆ.

ಕಪ್ಪು ಬೆಲ್ಲ ಒಳ್ಳೆಯದಾ, ಹಳದಿ ಬೆಲ್ಲ ಒಳ್ಳೆಯದಾ ಅಂತ ಇನ್ನೊಂದು ಚೀಟಿ. ಬೆಲ್ಲ ಬೆಳ್ಳಗೆ ಹಳದಿಯಾಗಿ ಕಾಣಲಿ ಅಂತ ಕೆಲವರು ಕುದಿಯುವ ಹಾಲಿಗೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಅದರಿಂದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಹಾಗಾಗಿ ನಾನು ಕಡು ಬಣ್ಣದ್ದನ್ನೇ ಕೊಳ್ಳುತ್ತೇನೆ. ಆದರೆ ಬಣ್ಣ ಒಂದನ್ನೇ ನೋಡಿ ಖಚಿತ ಹೇಳಲಾಗದು. ಕಡು ಬಣ್ಣ ಅಂದ ಮಾತ್ರಕ್ಕೆ ಸಕ್ಕರೆಯೂ ಕಮ್ಮಿ ಆಗುವುದಿಲ್ಲ. ಗುಡ್ಡ ಅದೇ ಗುಡ್ಡ.

'ಸಕ್ಕರೆ ಹಾಕಿಲ್ಲ' ಅಂತ ಬರೆದ ಬಿಸ್ಕತ್ತಿನ ಬಗ್ಗೆ ಕೇಳಿದವರಿಗೆ ಒಂದು ಮಾತು. ಪ್ಯಾಕೆಟ್ಟಿನ ಮುಂಭಾಗ ಬಿಡಿ, ಹಿಂಭಾಗ ತಿರುಗಿಸಿ. ಪೋಷಕಾಂಶಗಳ ಪಟ್ಟಿಯಲ್ಲಿ ಒಟ್ಟು ಸಕ್ಕರೆ ಎಷ್ಟು, ಸೇರಿಸಿದ ಸಕ್ಕರೆ ಎಷ್ಟು ಅಂತ ಗ್ರಾಂನಲ್ಲಿ ಇರುತ್ತದೆ. ಅದನ್ನು ಸಿರಿಯ ಚಮಚದಲ್ಲಿ ರಾಗಿ ಹಾಕಿ ಮಗುವಿಗೆ ತೋರಿಸಬಹುದು.

ಕಬ್ಬಿಣದ ಮಾತ್ರೆ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದು ಗುಲಾಬಿ ಬಣ್ಣದ್ದು, ಮೇಲೆ ಸಿಹಿ ಲೇಪ ಇರುತ್ತದೆ. ಅಂಬೆಗಾಲಿಡುವ ಮಕ್ಕಳು ಅದನ್ನು ಪೆಪ್ಪರಮಿಂಟು ಅಂದುಕೊಂಡು ಒಂದಿಷ್ಟು ನುಂಗಿದರೆ ಜೀವಕ್ಕೇ ಅಪಾಯ ಆಗಬಹುದು. ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲಿ ಕಬ್ಬಿಣ ಇನ್ನೂ ಜಾಸ್ತಿ. ಎತ್ತರದ ಕಪಾಟಿನಲ್ಲಿ ಇಡಿ. ಮಗು ನುಂಗಿದ್ದು ಗೊತ್ತಾದರೆ ಕಾಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊನೆಯದಾಗಿ, ರಾಗಿ ಎಣಿಸುವ ಆಟ ಮನೆಯಲ್ಲಿ ಆಡುವವರಿಗೆ. ಅಡುಗೆಮನೆ ತಕ್ಕಡಿ ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಒಂದೇ ಚಮಚ ಹಾಕಿದರೆ ಅದು ಸೊನ್ನೆ ಅಂತಲೂ ತೋರಿಸಬಹುದು, ಒಂದು ಅಂತಲೂ ತೋರಿಸಬಹುದು. ಅದಕ್ಕೇ ಅಜ್ಜಿ 20 ಚಮಚ ಹಾಕಿಸಿದ್ದು. ನಿಮ್ಮ ಚಮಚ ಬೇರೆ ಅಳತೆಯದ್ದಾದರೆ 20 ಚಮಚಕ್ಕೆ ಎಷ್ಟು ಗ್ರಾಂ ಬಂತೋ ಅದನ್ನು 20ರಿಂದ ಭಾಗಿಸಿ, ಒಂದು ಚಮಚದ ತೂಕ ಸಿಗುತ್ತದೆ. ಎಣಿಸಿದಾಗ ಗ್ರಾಂಗೆ 350 ಕಾಳು ಬಂದರೂ 450 ಬಂದರೂ ಗಾಬರಿ ಬೇಡ, ರಾಗಿಯ ತಳಿ ಮೇಲೆ ಕಾಳಿನ ಗಾತ್ರ ಬದಲಾಗುತ್ತದೆ. ಸಾವಿರವನ್ನು ನಿಮಗೆ ಬಂದ ಸಂಖ್ಯೆಯಿಂದ ಭಾಗಿಸಿದರೆ ನಿಮ್ಮ ಮನೆಯ ರಾಗಿ ಕಾಳಿನ ತೂಕ ಎಷ್ಟು ಮಿಲಿಗ್ರಾಂ ಅಂತ ಬರುತ್ತದೆ. ಎಣಿಸುವಾಗ ಫ್ಯಾನ್ ಆರಿಸಿ.